ಕನಿಷ್ಠ ಅಂಕದ ಕಿರುಪರೀಕ್ಷೆಯನ್ನು ಕೈಬಿಟ್ಟಾಗ: ಇಂದಿನ ಸರಾಸರಿ ಮತ್ತು ಮುಂದೆ ಬೇಕಾಗುವ ಅಂಕ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಮುಂದಿನ ತರಗತಿಗಳಿಗೆ ಕಾಲಿಟ್ಟಾಗ ಹೊಸದಾಗಿ ಎದುರಾಗುವ ಸಂಗತಿಗಳಲ್ಲಿ ಕಿರುಪರೀಕ್ಷೆಯೂ ಒಂದು. ಕ್ವಿಜ್ ಎಂದೇ ಕರೆಯಲ್ಪಡುವ, ಹತ್ತೋ ಇಪ್ಪತ್ತೋ ಅಂಕಗಳ ಈ ಪರೀಕ್ಷೆಗಳನ್ನು ಅವಧಿಯುದ್ದಕ್ಕೂ ಹಲವು ಬಾರಿ ನಡೆಸಿ, ಅವುಗಳ ಸರಾಸರಿಯನ್ನು ಆಂತರಿಕ ಅಂಕಕ್ಕೆ ಸೇರಿಸುವುದು ರೂಢಿ. ಅನೇಕ ಅಧ್ಯಾಪಕರು ಇದರೊಂದಿಗೆ ಒಂದು ರಿಯಾಯಿತಿಯನ್ನೂ ಕೊಡುತ್ತಾರೆ: ಎಲ್ಲ ಕಿರುಪರೀಕ್ಷೆಗಳಲ್ಲಿ ಅತಿ ಕಡಿಮೆ ಅಂಕ ಬಂದ ಒಂದನ್ನು ಲೆಕ್ಕದಿಂದ ಕೈಬಿಡಲಾಗುತ್ತದೆ.

ಗಡಿಯಾಚೆಯ ಕನ್ನಡದ ಮಕ್ಕಳಿಗೆ ಈ ರಿಯಾಯಿತಿ ಅನೇಕ ವೇಳೆ ಮೊದಲ ಕಿರುಪರೀಕ್ಷೆಯಲ್ಲೇ ಬೇಕಾಗುತ್ತದೆ. ಜಡತ್ವವೆಂದರೇನೆಂದು ಚೆನ್ನಾಗಿ ಬಲ್ಲ ಹುಡುಗಿಗೆ ಪ್ರಶ್ನೆಪತ್ರಿಕೆಯಲ್ಲಿನ ‘ಇನರ್ಷಿಯಾ’ ಅದೇ ಎಂದು ಗೊತ್ತಾಗಲು ಎರಡು ಮೂರು ವಾರಗಳು ಬೇಕು. ಅಷ್ಟರೊಳಗೆ ಮೊದಲ ಕಿರುಪರೀಕ್ಷೆ ಮುಗಿದಿರುತ್ತದೆ. ಆ ಅಂಕ ಲೆಕ್ಕಕ್ಕೆ ಬರುವುದಿಲ್ಲವೆಂಬ ಮಾತು ಮನೆಯಲ್ಲಿ ಎಲ್ಲರಿಗೂ ಸಮಾಧಾನ ತರುತ್ತದೆ. ಆದರೆ ಆ ಮಾತು ಅರ್ಧ ಮಾತ್ರ ನಿಜ. ಕೈಬಿಡುವ ಅಂಕ ಯಾವುದೆಂಬುದು ಕೊನೆಯ ಕಿರುಪರೀಕ್ಷೆ ಮುಗಿಯುವವರೆಗೂ ನಿಶ್ಚಯವಾಗುವುದಿಲ್ಲ. ಈ ಒಂದು ಸಂಗತಿಯಿಂದ ಇಂದಿನ ಸರಾಸರಿಯ ಅರ್ಥವೂ ಮುಂದೆ ಗಳಿಸಬೇಕಾದ ಅಂಕದ ಲೆಕ್ಕವೂ ಬದಲಾಗುತ್ತವೆ. ಅದನ್ನು ಒಂದು ಉದಾಹರಣೆಯ ಮೂಲಕ ಹಂತಹಂತವಾಗಿ ನೋಡೋಣ.

ಇಂದಿನ ಸರಾಸರಿ

ಒಂದು ವಿಷಯದಲ್ಲಿ ಒಟ್ಟು 6 ಕಿರುಪರೀಕ್ಷೆಗಳು, ಪ್ರತಿಯೊಂದಕ್ಕೂ 20 ಅಂಕ, ಕನಿಷ್ಠವಾದ ಒಂದನ್ನು ಕೈಬಿಡುವ ನಿಯಮ ಎಂದಿಟ್ಟುಕೊಳ್ಳೋಣ. ಒಬ್ಬ ವಿದ್ಯಾರ್ಥಿನಿ ಮೊದಲ ನಾಲ್ಕರಲ್ಲಿ ಕ್ರಮವಾಗಿ 6, 13, 15 ಮತ್ತು 14 ಅಂಕ ಪಡೆದಿದ್ದಾಳೆ. ಒಟ್ಟು 48, ನಾಲ್ಕರಿಂದ ಭಾಗಿಸಿದರೆ ಸರಾಸರಿ 12, ಅಂದರೆ ಶೇ. 60.

ಈಗ 6ನ್ನು ಕೈಬಿಡೋಣ. ಉಳಿದ ಮೂರರ ಮೊತ್ತ 42. ಮೂರರಿಂದ ಭಾಗಿಸಿದರೆ 14, ಅಂದರೆ ಶೇ. 70. ಸರಾಸರಿ ಎರಡು ಅಂಕ ಮೇಲೇರಿತು.

ಇಲ್ಲಿ ಮನೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಅಂಕವನ್ನು ತೆಗೆದು, ಭಾಜಕವನ್ನು ಹಾಗೆಯೇ ಬಿಡುವುದು. 42ನ್ನು 4ರಿಂದ ಭಾಗಿಸಿದರೆ 10.5 ಬರುತ್ತದೆ. ಹಾಗೆ ಮಾಡಿದರೆ 6ನ್ನು ಕೈಬಿಟ್ಟಂತಾಗುವುದಿಲ್ಲ, ಅದರ ಜಾಗದಲ್ಲಿ ಸೊನ್ನೆ ಬರೆದಂತಾಗುತ್ತದೆ. ತಪ್ಪನ್ನು ಗುರುತಿಸುವುದು ಸುಲಭ. ಅತಿ ಕಡಿಮೆ ಅಂಕವನ್ನು ತೆಗೆದ ಮೇಲೆ ಸರಾಸರಿ ಎಂದಿಗೂ ಇಳಿಯಲಾರದು. ಎಲ್ಲ ಅಂಕಗಳೂ ಸಮನಾಗಿದ್ದರೆ ಇದ್ದಲ್ಲೇ ಇರುತ್ತದೆ, ಇಲ್ಲವಾದರೆ ಏರಲೇಬೇಕು. ಇಳಿದಿದ್ದರೆ ಭಾಜಕವನ್ನು ಮತ್ತೊಮ್ಮೆ ನೋಡಬೇಕು.

ಎಷ್ಟು ಏರುತ್ತದೆಂಬುದಕ್ಕೂ ಒಂದು ಸರಳ ಲೆಕ್ಕವಿದೆ. ಹಳೆಯ ಸರಾಸರಿಗೂ ಕನಿಷ್ಠ ಅಂಕಕ್ಕೂ ಇರುವ ಅಂತರವನ್ನು, ಕೈಬಿಟ್ಟ ಮೇಲೆ ಉಳಿಯುವ ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಬೇಕು. ನಮ್ಮ ಉದಾಹರಣೆಯಲ್ಲಿ ಅಂತರ 12ರಿಂದ 6 ಕಳೆದರೆ 6. ಉಳಿದಿರುವ ಪರೀಕ್ಷೆಗಳು 3. ಆದ್ದರಿಂದ ಏರಿಕೆ 2. ಈ ಲೆಕ್ಕದಿಂದ ಎರಡು ವಿಷಯಗಳು ತಿಳಿಯುತ್ತವೆ. ಒಂದು, ರಿಯಾಯಿತಿ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ. 14, 15, 14, 15 ಎಂದು ಸಮನಾಗಿ ಬರೆದವಳ ಸರಾಸರಿ 14.5ರಿಂದ ಸುಮಾರು 14.67ಕ್ಕೆ ಮಾತ್ರ ಏರುತ್ತದೆ. ಒಮ್ಮೆ ಎಡವಿ ಉಳಿದೆಡೆ ಚೆನ್ನಾಗಿ ಬರೆದವಳಿಗೇ ಇದರಿಂದ ಹೆಚ್ಚು ಲಾಭ. ಇನ್ನೊಂದು, ಅವಧಿಯ ಆರಂಭದಲ್ಲಿ ಏರಿಕೆ ಬಹಳ ದೊಡ್ಡದಾಗಿ ಕಾಣುತ್ತದೆ. ಇದೇ ವಿದ್ಯಾರ್ಥಿನಿ ಎರಡೇ ಪರೀಕ್ಷೆ ಬರೆದಿದ್ದಾಗ ಅವಳ ಸರಾಸರಿ 9.5 ಇತ್ತು, 6ನ್ನು ಕೈಬಿಟ್ಟೊಡನೆ 13 ಆಯಿತು. ಒಂದೇ ಪರೀಕ್ಷೆಯ ಮೇಲೆ ನಿಂತಿದ್ದ ಆ 13ನ್ನು ಮಗಳ ಮಟ್ಟವೆಂದು ತಿಳಿದುಕೊಳ್ಳುವುದು ಅವಸರವೇ ಸರಿ.

ಮುಂದೆ ಎಷ್ಟು ಬೇಕು

ಈ ವಿದ್ಯಾರ್ಥಿನಿಗೆ ಅವಧಿಯ ಕೊನೆಗೆ ಕಿರುಪರೀಕ್ಷೆಗಳ ಸರಾಸರಿ ಶೇ. 75 ಇರಬೇಕೆಂಬ ಆಸೆ. ಅಂದರೆ 20ಕ್ಕೆ 15. ಇನ್ನು ಎರಡು ಪರೀಕ್ಷೆಗಳು ಉಳಿದಿವೆ.

ಸರಾಸರಿಗಳನ್ನೇ ಹಿಡಿದು ಕುಳಿತರೆ ಇಲ್ಲಿ ದಾರಿ ತಪ್ಪುತ್ತದೆ. ‘ಈಗ 14 ಇದೆ, ಬೇಕಾದದ್ದು 15, ಆದ್ದರಿಂದ ಮುಂದಿನ ಎರಡರಲ್ಲಿ 16 ಬಂದರೆ ಸಾಕು’ ಎನ್ನುವವರು ಬಹಳ ಮಂದಿ. ಮಾತು ಸರಿಯೆಂಬಂತೆ ಕೇಳಿಸುತ್ತದೆ, ಆದರೆ ಸರಿಯಲ್ಲ. ಇಂಥ ಲೆಕ್ಕವನ್ನು ಯಾವಾಗಲೂ ಮೊತ್ತದಲ್ಲೇ ಮಾಡಬೇಕೆಂದು ನಾವು ಮಕ್ಕಳಿಗೆ ಹೇಳುತ್ತೇವೆ.

ಕೊನೆಗೆ ಲೆಕ್ಕಕ್ಕೆ ಉಳಿಯುವುದು ಆರರಲ್ಲಿ ಐದು ಪರೀಕ್ಷೆಗಳು. ಐದರ ಸರಾಸರಿ 15 ಆಗಬೇಕಾದರೆ ಮೊತ್ತ 75 ಆಗಬೇಕು. 6ನ್ನು ಬಿಟ್ಟು ಈಗ ಕೈಯಲ್ಲಿರುವುದು 42. ಉಳಿದ ಎರಡರಿಂದ ಬರಬೇಕಾದದ್ದು 33, ಅಂದರೆ ಸರಾಸರಿ 16.5. 16ರಂತೆ ಎರಡು ಬರೆದರೆ ಮೊತ್ತ 74ಕ್ಕೆ ನಿಂತು, ಸರಾಸರಿ 14.8 ಆಗುತ್ತದೆ. ಒಂದೇ ಅಂಕದ ಕೊರತೆಯಿಂದ ಗುರಿ ತಪ್ಪಿಹೋಗುತ್ತದೆ. ಕಾರಣವೇನೆಂದರೆ, ಈಗಿನ 14ರ ಹಿಂದೆ ಮೂರು ಪರೀಕ್ಷೆಗಳಿವೆ. ಗುರಿಗಿಂತ ಒಂದೊಂದು ಅಂಕದಂತೆ ಮೂರು ಅಂಕ ಹಿಂದೆ ಬಿದ್ದಿದ್ದು, ಆ ಮೂರನ್ನು ಮುಂದಿನ ಎರಡೇ ಪರೀಕ್ಷೆಗಳು ತುಂಬಿಕೊಡಬೇಕು. ಮೂರರ ಅರ್ಧ ಒಂದೂವರೆ. 15ಕ್ಕೆ ಒಂದೂವರೆ ಸೇರಿದರೆ 16.5.

ರಿಯಾಯಿತಿ ಇಲ್ಲದಿದ್ದರೆ ಏನಾಗುತ್ತಿತ್ತೆಂದು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಆರೂ ಪರೀಕ್ಷೆಗಳು ಲೆಕ್ಕಕ್ಕೆ ಬಂದರೆ ಮೊತ್ತ 90 ಆಗಬೇಕು. ಕೈಯಲ್ಲಿರುವುದು 48. ಎರಡು ಪರೀಕ್ಷೆಗಳಿಂದ 42 ಬರಬೇಕು, ಅಂದರೆ ಪ್ರತಿಯೊಂದರಲ್ಲೂ 20ಕ್ಕೆ 21! ರಿಯಾಯಿತಿ ಇಲ್ಲದಿದ್ದರೆ ಸಾಧ್ಯವೇ ಇಲ್ಲದ ಗುರಿ, ಇರುವುದರಿಂದ ಕಷ್ಟಸಾಧ್ಯವಾದರೂ ಕೈಗೆಟುಕುವಂತಾಯಿತು. ಮೊದಲ ಕಿರುಪರೀಕ್ಷೆಯ 6ನ್ನು ಕಂಡು ‘ಇನ್ನು ಈ ವಿಷಯ ನನ್ನಿಂದಾಗದು’ ಎಂದು ಕುಳಿತುಬಿಟ್ಟ ಮಗುವಿಗೆ ಈ ಎರಡು ಲೆಕ್ಕಗಳನ್ನು ಒಂದೇ ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ತೋರಿಸಬಹುದು.

ಆದರೆ ಇದೇ ಹಾಳೆಯಲ್ಲಿ ಇನ್ನೊಂದು ಸಾಲನ್ನೂ ಬರೆಯಬೇಕು. ಎರಡು ಪರೀಕ್ಷೆಗಳಿಂದ 33 ಬೇಕು, ಒಂದರಲ್ಲಿ ಹೆಚ್ಚೆಂದರೆ 20 ಸಿಗುತ್ತದೆ. ಹಾಗಾದರೆ ಇನ್ನೊಂದರಲ್ಲಿ ಕನಿಷ್ಠ 13 ಬರಲೇಬೇಕು. ಎರಡರಲ್ಲಿ ಯಾವುದೂ 13ಕ್ಕಿಂತ ಕೆಳಗಿಳಿಯುವಂತಿಲ್ಲ.

ಕೈಬಿಟ್ಟ ಅಂಕ ಮರಳಿ ಬರುವ ಬಗೆ

ಐದನೆಯ ಪರೀಕ್ಷೆಯ ದಿನ ಆಕೆಗೆ ಜ್ವರ. ಹೋಗಿ ಬರೆದಳು, 5 ಅಂಕ ಬಂತು. ‘ಹೇಗೂ ಒಂದನ್ನು ಬಿಡುತ್ತಾರಲ್ಲ’ ಎಂದು ಮನೆಯವರು ಸಮಾಧಾನ ಹೇಳಿದರು ಎಂದುಕೊಳ್ಳೋಣ.

ಬಿಡುವುದು ಒಂದನ್ನೇ. ಈಗ ಕನಿಷ್ಠ ಅಂಕ 6 ಅಲ್ಲ, 5. ಆದ್ದರಿಂದ 5 ಹೊರಗೆ ಹೋಗಿ, ಇದುವರೆಗೆ ಹೊರಗಿದ್ದ 6 ಒಳಗೆ ಬರುತ್ತದೆ. ಉಳಿಯುವ ನಾಲ್ಕು ಅಂಕಗಳು 6, 13, 15, 14. ಮೊತ್ತ 48, ಸರಾಸರಿ 12. ನಿನ್ನೆಯವರೆಗೆ ಶೇ. 70 ತೋರಿಸುತ್ತಿದ್ದ ಸರಾಸರಿ ಇಂದು ಶೇ. 60ಕ್ಕೆ ಇಳಿದಿದೆ. ಗಣಕಯಂತ್ರದಲ್ಲಿ ಅಂಕ ನೋಡುವ ಮಕ್ಕಳು ಇದನ್ನು ಕಂಡು ಅಧ್ಯಾಪಕರು ರಿಯಾಯಿತಿಯನ್ನೇ ಹಿಂತೆಗೆದುಕೊಂಡರೆಂದು ಭಾವಿಸುವುದುಂಟು. ಹಾಗೇನೂ ಆಗಿಲ್ಲ. ನಿಯಮ ಅದೇ ಇದೆ, ಅದು ಅನ್ವಯವಾಗುವ ಅಂಕ ಮಾತ್ರ ಬದಲಾಗಿದೆ.

ಗಮನಿಸಬೇಕಾದ ಮತ್ತೊಂದು ಅಂಶವಿದೆ. ಆಕೆಗೆ ಐದನೆಯ ಪರೀಕ್ಷೆಯಲ್ಲಿ 5ರ ಬದಲು 2 ಬಂದಿದ್ದರೂ ಸೊನ್ನೆಯೇ ಬಂದಿದ್ದರೂ ಫಲಿತಾಂಶ ಒಂದೇ ಆಗಿರುತ್ತಿತ್ತು. 6ಕ್ಕಿಂತ ಕೆಳಗಿನ ಯಾವ ಅಂಕ ಬಂದರೂ ಅದು ಹೊರಗೆ ಹೋಗಿ 6 ಒಳಗೆ ಬರುತ್ತದೆ. ಅಂದರೆ ಹಳೆಯ ಕನಿಷ್ಠ ಅಂಕವು ಮುಂದಿನ ಒಂದು ಪರೀಕ್ಷೆಗೆ ನೆಲಗಟ್ಟಿನಂತೆ ನಿಂತಿರುತ್ತದೆ. ಅದಕ್ಕಿಂತ ಕೆಳಗೆ ಬೀಳಲು ಸಾಧ್ಯವಿಲ್ಲ, ನಿಜ. ಆದರೆ ಈಕೆಯ ನೆಲಗಟ್ಟು 6ರಲ್ಲಿದೆ, ಬೇಕಾಗಿದ್ದದ್ದು 16.5. ‘ಲೆಕ್ಕಕ್ಕಿಲ್ಲ’ವೆಂದು ಬಗೆದ ಆ ಪರೀಕ್ಷೆಯಿಂದ ನಿಜವಾಗಿ ಆದ ನಷ್ಟ ಹತ್ತೂವರೆ ಅಂಕ.

ಈಗ ಗುರಿಯ ಸ್ಥಿತಿ ಏನು? 75ರಿಂದ 48 ಕಳೆದರೆ 27. ಕೊನೆಯ ಪರೀಕ್ಷೆಗಿರುವುದೇ 20 ಅಂಕ. ಶೇ. 75 ಕೈತಪ್ಪಿತು. ಪೂರ್ಣ 20 ಬಂದರೂ ಮೊತ್ತ 68, ಸರಾಸರಿ 13.6, ಅಂದರೆ ಶೇ. 68. ಇಂಥ ಸಂದರ್ಭದಲ್ಲಿ ಹಳೆಯ ಗುರಿಯನ್ನೇ ಹಿಡಿದು ಮಗುವನ್ನು ಬೈಯುವುದಕ್ಕಿಂತ ಹೊಸ ಗುರಿಯನ್ನು ಲೆಕ್ಕ ಹಾಕುವುದು ಒಳಿತು. ಶೇ. 60 ಉಳಿಸಿಕೊಳ್ಳಬೇಕಾದರೆ ಐದರ ಮೊತ್ತ 60 ಆಗಬೇಕು. ಕೊನೆಯ ಪರೀಕ್ಷೆಯಲ್ಲಿ 12 ಸಾಕು. ಶೇ. 65 ಬೇಕಾದರೆ ಮೊತ್ತ 65, ಕೊನೆಯಲ್ಲಿ 17. ಇವೆರಡರ ನಡುವೆ ಎಲ್ಲಿ ನಿಲ್ಲಬಹುದೆಂಬುದನ್ನು ಆ ಹುಡುಗಿಯೇ ಹೇಳಬಲ್ಲಳು.

ಜ್ವರ ಬರದೆ ಐದನೆಯದರಲ್ಲಿ 18 ಬಂದಿದ್ದರೆ? ಆಗ 42ಕ್ಕೆ 18 ಸೇರಿ 60, ನಾಲ್ಕರ ಸರಾಸರಿ 15. ಗುರಿ ಮುಟ್ಟಿತೆಂದು ಪುಸ್ತಕ ಮುಚ್ಚುವಂತಿಲ್ಲ. ಕೊನೆಯ ಪರೀಕ್ಷೆಯನ್ನು ಬಿಟ್ಟರೆ ಹೊರಗಿದ್ದ 6 ಒಳಗೆ ಬಂದು ಮೊತ್ತ 66 ಆಗುತ್ತದೆ, ಸರಾಸರಿ 13.2ಕ್ಕೆ ಇಳಿಯುತ್ತದೆ. 75 ತಲುಪಲು ಅಲ್ಲಿಯೂ 15 ಬೇಕೇ ಬೇಕು.

ಕೊನೆಯ ಪರೀಕ್ಷೆಯನ್ನು ಯಾರು ಬಿಡಬಹುದು

ಮೇಲಿನದರಿಂದ ಒಂದು ಉಪಯುಕ್ತ ಪರೀಕ್ಷೆ ಹೊರಡುತ್ತದೆ. ಒಂದೇ ಕಿರುಪರೀಕ್ಷೆ ಉಳಿದಿರುವಾಗ, ಕನಿಷ್ಠ ಅಂಕವನ್ನೂ ಸೇರಿಸಿ ಈವರೆಗಿನ ಎಲ್ಲ ಅಂಕಗಳನ್ನು ಕೂಡಿಸಬೇಕು. ಆ ಮೊತ್ತ ಖಚಿತವಾದದ್ದು. ಕೊನೆಯದರಲ್ಲಿ ಸೊನ್ನೆ ಬಂದರೂ ಅದು ಕಡಿಮೆಯಾಗುವುದಿಲ್ಲ, ಏಕೆಂದರೆ ಆ ಸೊನ್ನೆಯೇ ಹೊರಗೆ ಹೋಗುತ್ತದೆ. ಈ ಖಚಿತ ಮೊತ್ತವೇ ಗುರಿಯ ಮೊತ್ತವನ್ನು ಮುಟ್ಟಿದ್ದರೆ ಕೊನೆಯ ಪರೀಕ್ಷೆಯಿಂದ ಭಯವಿಲ್ಲ.

ಇನ್ನೊಬ್ಬಳ ಐದು ಅಂಕಗಳು 15, 17, 16, 14, 18 ಎಂದಿರಲಿ. 14ನ್ನು ಬಿಟ್ಟು ಸದ್ಯದ ಸರಾಸರಿ 16.5 ಎಂದು ತೋರುತ್ತದೆ. ಎಲ್ಲವನ್ನೂ ಕೂಡಿಸಿದರೆ 80. ಕೊನೆಯ ಪರೀಕ್ಷೆಗೆ ಹೋಗದಿದ್ದರೂ ಐದರ ಸರಾಸರಿ 16 ಉಳಿಯುತ್ತದೆ. ಗುರಿ 15 ಆಗಿದ್ದರೆ ಆಕೆ ನಿಶ್ಚಿಂತಳು. ಆದರೆ ಆಕೆಯ ನಿಜವಾದ ಗಳಿಕೆ 16. ತೆರೆಯ ಮೇಲೆ ಕಾಣುವ 16.5 ಕೊನೆಯ ಪರೀಕ್ಷೆಯನ್ನು ಅದೇ ಮಟ್ಟದಲ್ಲಿ ಬರೆದರೆ ಮಾತ್ರ ಉಳಿಯುವಂಥದು. ನಾವು ಮಕ್ಕಳಿಗೆ ಈ ಎರಡೂ ಸಂಖ್ಯೆಗಳನ್ನು, ಅಂದರೆ ತೋರುವ ಸರಾಸರಿಯನ್ನೂ ಖಚಿತ ಸರಾಸರಿಯನ್ನೂ, ಪುಸ್ತಕದ ಹಿಂಬದಿಯಲ್ಲಿ ಬೇರೆಬೇರೆಯಾಗಿ ಬರೆದಿಡಲು ಹೇಳುತ್ತೇವೆ.

ಸಿ.ಬಿ.ಎಸ್.ಇ. ಹತ್ತನೆಯ ತರಗತಿಯ ಆಂತರಿಕ ಮೌಲ್ಯಮಾಪನದಲ್ಲಿ ಈ ನಿಯಮದ ಅತಿ ಚಿಕ್ಕ ರೂಪವನ್ನು ಕಾಣಬಹುದು. ಅಲ್ಲಿ ಮೂರು ಆವರ್ತಕ ಪರೀಕ್ಷೆಗಳಲ್ಲಿ ಉತ್ತಮವಾದ ಎರಡರ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ‘ಕನಿಷ್ಠವಾದುದನ್ನು ಬಿಡುವುದು’ ಮತ್ತು ‘ಉತ್ತಮ ಎರಡನ್ನು ಇಟ್ಟುಕೊಳ್ಳುವುದು’ ಇಲ್ಲಿ ಒಂದೇ ಮಾತು. ಮೊದಲ ಎರಡರಲ್ಲಿ 20ಕ್ಕೆ 12 ಮತ್ತು 16 ಬಂದಿದ್ದರೆ 14ರ ಸರಾಸರಿ ಖಚಿತ. ಮೂರನೆಯದರಿಂದ ಅದು ಏರಬಹುದೇ ಹೊರತು ಇಳಿಯದು. 12ಕ್ಕಿಂತ ಹೆಚ್ಚು ಬಂದಷ್ಟೂ ಲಾಭ. 18 ಬಂದರೆ ಸರಾಸರಿ 17 ಆಗುತ್ತದೆ.

ಗೈರುಹಾಜರಿ, ಸೊನ್ನೆ ಮತ್ತು ಖಾಲಿ ಮನೆ

ಗಡಿ ಪ್ರದೇಶದ ಮಕ್ಕಳು ಕಿರುಪರೀಕ್ಷೆಯನ್ನು ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ಸೋಮಾರಿತನದಿಂದಲ್ಲ. ಬೆಳಗಿನ ಒಂದೇ ಬಸ್ಸು ತಪ್ಪಿದರೆ ಮೊದಲ ಪಿರಿಯಡ್ ತಪ್ಪಿದಂತೆಯೇ. ಹೀಗೆ ಬಾರದ ದಿನಕ್ಕೆ ಸೊನ್ನೆ ಹಾಕುತ್ತಾರೋ, ಮರುಪರೀಕ್ಷೆ ಕೊಡುತ್ತಾರೋ, ಅಥವಾ ಆ ಪರೀಕ್ಷೆಯನ್ನೇ ಆಕೆಯ ಮಟ್ಟಿಗೆ ಲೆಕ್ಕದಿಂದ ತೆಗೆಯುತ್ತಾರೋ ಎಂಬುದನ್ನು ಅವಧಿಯ ಆರಂಭದಲ್ಲೇ ಕೇಳಿಕೊಳ್ಳಬೇಕು. ಸೊನ್ನೆ ಹಾಕುವುದಾದರೆ ಆ ಸೊನ್ನೆಯೇ ಕೈಬಿಡುವ ಅಂಕವಾಗಿ, ರಿಯಾಯಿತಿ ಅಲ್ಲಿಗೆ ಖರ್ಚಾಗುತ್ತದೆ. ಆಮೇಲಿನ ಪ್ರತಿ ಅಂಕವೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಸೊನ್ನೆಗಿಂತ ಕೆಳಗೆ ಇನ್ನೊಂದಿಲ್ಲ. ನೆಲಗಟ್ಟು ಸೊನ್ನೆಗೆ ಇಳಿದಿರುವುದರಿಂದ ಎರಡನೆಯ ಗೈರುಹಾಜರಿ ಪೂರ್ತಿ ನಷ್ಟವೇ.

ಅಂಕಗಳನ್ನು ಎಕ್ಸೆಲ್‌ನಂಥ ಹಾಳೆಯಲ್ಲಿ ಇಡುವ ಅಧ್ಯಾಪಕರು ಸಾಮಾನ್ಯವಾಗಿ ಬಳಸುವ ಸೂತ್ರ ಇದು:

```
=(SUM(B2:G2)-MIN(B2:G2))/(COUNT(B2:G2)-1)
```

ಒಟ್ಟು ಮೊತ್ತದಿಂದ ಕನಿಷ್ಠವನ್ನು ಕಳೆದು, ಅಂಕವಿರುವ ಮನೆಗಳ ಸಂಖ್ಯೆಯಲ್ಲಿ ಒಂದನ್ನು ಕಡಿಮೆ ಮಾಡಿ ಭಾಗಿಸುತ್ತದೆ. ಸೂತ್ರ ಸರಿಯಾಗಿಯೇ ಇದೆ. ಆದರೆ ಅದು ಖಾಲಿ ಮನೆಯನ್ನು ಎಣಿಸುವುದಿಲ್ಲ, ಸೊನ್ನೆಯಿರುವ ಮನೆಯನ್ನು ಎಣಿಸುತ್ತದೆ. ಇಲ್ಲಿಂದ ಎರಡು ವಿರುದ್ಧ ತಪ್ಪುಗಳು ಹುಟ್ಟುತ್ತವೆ.

ಬಾರದ ದಿನಕ್ಕೆ ಸೊನ್ನೆ ಹಾಕಬೇಕಾದಲ್ಲಿ ಮನೆಯನ್ನು ಖಾಲಿ ಬಿಟ್ಟರೆ ರಿಯಾಯಿತಿ ಎರಡು ಸಲ ಸಿಕ್ಕಂತಾಗುತ್ತದೆ. ನಾಲ್ಕು ಪರೀಕ್ಷೆಗಳಲ್ಲಿ ಒಂದಕ್ಕೆ ಬಾರದೆ 13, 15, 14 ಪಡೆದವನ ಸರಿಯಾದ ಸರಾಸರಿ, ಸೊನ್ನೆಯನ್ನು ಬಿಟ್ಟು, 14. ಖಾಲಿ ಮನೆಯಿದ್ದರೆ ಸೂತ್ರವು 13ನ್ನೂ ಬಿಟ್ಟು 14.5 ತೋರಿಸುತ್ತದೆ. ಮಗನಿಗೆ ಲಾಭವಾಯಿತೆಂದು ಸುಮ್ಮನಿದ್ದರೆ, ಅಂತಿಮ ಪಟ್ಟಿಯಲ್ಲಿ ಅದನ್ನು ತಿದ್ದಿದಾಗ ಲೆಕ್ಕವೆಲ್ಲ ಏರುಪೇರಾಗುತ್ತದೆ. ಇದಕ್ಕೆ ಪ್ರತಿಯಾಗಿ, ಇನ್ನೂ ನಡೆಯದ ಪರೀಕ್ಷೆಗಳ ಮನೆಗಳಲ್ಲಿ ಮೊದಲೇ ಸೊನ್ನೆ ತುಂಬಿಟ್ಟಿದ್ದರೆ ಸರಾಸರಿ ಅನ್ಯಾಯವಾಗಿ ಕುಸಿಯುತ್ತದೆ. ನಮ್ಮ ಮೊದಲ ವಿದ್ಯಾರ್ಥಿನಿಯ 6, 13, 15, 14ರ ಮುಂದೆ ಎರಡು ಸೊನ್ನೆಗಳಿದ್ದರೆ, ಸೂತ್ರವು ಒಂದು ಸೊನ್ನೆಯನ್ನು ಮಾತ್ರ ಬಿಟ್ಟು 48ನ್ನು 5ರಿಂದ ಭಾಗಿಸಿ 9.6 ತೋರಿಸುತ್ತದೆ; ನಿಜವಾದ ಸರಾಸರಿ 14. ಅವಧಿಯ ನಡುವೆ ಮಗುವಿನ ಸರಾಸರಿ ನಂಬಲಾಗದಷ್ಟು ಕಡಿಮೆ ಕಂಡರೆ ಮೊದಲು ನೋಡಬೇಕಾದದ್ದು ಇದನ್ನೇ.

ಎಲ್ಲ ಪರೀಕ್ಷೆಗಳ ಗರಿಷ್ಠ ಅಂಕ ಒಂದೇ ಆಗಿಲ್ಲದಿದ್ದರೆ

ಇಲ್ಲಿಯವರೆಗೆ ಎಲ್ಲ ಪರೀಕ್ಷೆಗಳೂ 20 ಅಂಕದವು ಎಂದಿಟ್ಟುಕೊಂಡೆವು. ಒಂದು 5ಕ್ಕೆ, ಇನ್ನೊಂದು 25ಕ್ಕೆ ನಡೆದಾಗ ‘ಕನಿಷ್ಠ’ ಯಾವುದೆಂಬುದೇ ಪ್ರಶ್ನೆಯಾಗುತ್ತದೆ. ಒಬ್ಬನಿಗೆ 5ಕ್ಕೆ 2, 25ಕ್ಕೆ 12, 10ಕ್ಕೆ 9 ಬಂದಿದೆ ಎನ್ನೋಣ. ಶೇಕಡಾವಾರು ನೋಡಿದರೆ ಅವು 40, 48 ಮತ್ತು 90. ಅತಿ ಕಡಿಮೆ ಶೇಕಡಾ ಮೊದಲನೆಯದು. ಅಧ್ಯಾಪಕರು ಶೇಕಡಾಗಳ ಸರಾಸರಿ ತೆಗೆಯುವವರಾದರೆ ಅದನ್ನು ಬಿಡುವುದೇ ಸರಿ. 48 ಮತ್ತು 90ರ ಸರಾಸರಿ 69. ಆದರೆ ಎಲ್ಲ ಅಂಕಗಳನ್ನು ಕೂಡಿಸಿ ಒಟ್ಟು ಗರಿಷ್ಠದಿಂದ ಭಾಗಿಸುವ ಪದ್ಧತಿಯಿದ್ದರೆ, ಮೊದಲನೆಯದನ್ನು ಬಿಟ್ಟಾಗ 35ಕ್ಕೆ 21, ಅಂದರೆ ಶೇ. 60 ಬರುತ್ತದೆ, ಎರಡನೆಯದನ್ನು ಬಿಟ್ಟಾಗ 15ಕ್ಕೆ 11, ಅಂದರೆ ಸುಮಾರು ಶೇ. 73. ಶೇಕಡಾದಲ್ಲಿ ಕನಿಷ್ಠವಲ್ಲದ, ಆದರೆ ಗಾತ್ರದಲ್ಲಿ ದೊಡ್ಡದಾದ ಪರೀಕ್ಷೆಯನ್ನು ಬಿಡುವುದೇ ಹೆಚ್ಚು ಲಾಭಕರ! ಯಾವ ಪದ್ಧತಿ ಎಂಬುದನ್ನು ಕೇಳಿ ತಿಳಿಯದೆ ಇಲ್ಲಿ ಲೆಕ್ಕ ಹಾಕುವುದು ವ್ಯರ್ಥ.

ಇನ್ನು, ಸರಾಸರಿಯ ಏರಿಕೆಯೆಲ್ಲವೂ ಅಂತಿಮ ಫಲಿತಾಂಶಕ್ಕೆ ಹಾಗೆಯೇ ಹೋಗುವುದಿಲ್ಲ. ಕಿರುಪರೀಕ್ಷೆಗಳಿಗೆ ನೂರಕ್ಕೆ 20 ಅಂಕ ಮೀಸಲಾಗಿದ್ದರೆ, ಶೇ. 60ರಿಂದ 70ಕ್ಕೆ ಏರಿದ್ದರಿಂದ ಸಿಗುವುದು 2 ಅಂಕ. 10 ಮೀಸಲಾಗಿದ್ದರೆ ಒಂದೇ ಅಂಕ. ಮುಖ್ಯ ಪರೀಕ್ಷೆಯ ಓದನ್ನು ಬದಿಗಿಟ್ಟು ಕೊನೆಯ ಕಿರುಪರೀಕ್ಷೆಗೆ ರಾತ್ರಿಯೆಲ್ಲ ಕೂರುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ಒಂದಕ್ಕಿಂತ ಹೆಚ್ಚು ಬಿಡುವ ನಿಯಮ

ಕಾಲೇಜು ಸೇರಿದ ಮಕ್ಕಳಲ್ಲಿ ಅನೇಕರು ಎನ್.ಪಿ.ಟಿ.ಇ.ಎಲ್. ಆನ್‌ಲೈನ್ ಕೋರ್ಸುಗಳನ್ನು ತೆಗೆದುಕೊಳ್ಳುತ್ತಾರೆ. ಅಲ್ಲಿನ 12 ವಾರಗಳ ಕೋರ್ಸಿನಲ್ಲಿ ವಾರಕ್ಕೊಂದರಂತೆ ಬರುವ 12 ಅಸೈನ್‌ಮೆಂಟುಗಳಲ್ಲಿ ಉತ್ತಮವಾದ 8ರ ಸರಾಸರಿಯನ್ನು ತೆಗೆದುಕೊಂಡು, ಅದಕ್ಕೆ 25 ಅಂಕ ಕೊಡುವುದು ರೂಢಿಯ ನಿಯಮ. ಉಳಿದ 75 ಅಂಕ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ. ಪ್ರಮಾಣಪತ್ರ ಸಿಗಲು ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಎರಡೂ ಬರಬೇಕು. ಆಯಾ ಕೋರ್ಸಿನ ಪುಟದಲ್ಲಿ ನಿಯಮ ಬರೆದಿರುತ್ತದೆ. ಸೇರುವಾಗ ಅದನ್ನೇ ಓದಿಕೊಳ್ಳಬೇಕು.

ಕನಿಷ್ಠವಾದ ನಾಲ್ಕನ್ನು ಬಿಡುತ್ತಾರೆಂದು ಕೇಳಿದೊಡನೆ ಮಕ್ಕಳು ಮೊದಲ ವಾರಗಳನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಒಬ್ಬ ಹುಡುಗ ಆರು ವಾರಗಳಲ್ಲಿ ಎರಡನ್ನು ತಪ್ಪಿಸಿ, ನಾಲ್ಕರಲ್ಲಿ ನೂರಕ್ಕೆ 60, 70, 50, 60 ಪಡೆದಿದ್ದಾನೆಂದುಕೊಳ್ಳೋಣ. ಮಾಡಿದವುಗಳ ಸರಾಸರಿ 60. ಆದರೆ ಭಾಜಕ ಎಂದಿಗೂ 8 ಆಗಿರುವುದರಿಂದ ಅವನ ಖಚಿತ ಗಳಿಕೆ 240ನ್ನು 8ರಿಂದ ಭಾಗಿಸಿದ 30 ಮಾತ್ರ. ಅಂದರೆ 25ಕ್ಕೆ 7.5. ಇಷ್ಟಕ್ಕೇ ನಿಲ್ಲಿಸಿದರೆ ಅರ್ಹತೆಯ 10 ಮುಟ್ಟುವುದಿಲ್ಲ. ಅದಕ್ಕೆ ಎಂಟರ ಮೊತ್ತ 320 ಆಗಬೇಕು, ಇನ್ನು 80 ಬೇಕು. ಉಳಿದ ಆರು ವಾರಗಳಲ್ಲಿ ಎರಡನ್ನು 40ರಂತೆ ಮಾಡಿದರೂ ಅರ್ಹತೆ ದಾಟುತ್ತಾನೆ.

ಆದರೆ ಅವನಿಗೆ ಬೇಕಾದದ್ದು ಅರ್ಹತೆ ಮಾತ್ರವಲ್ಲ, ಒಳ್ಳೆಯ ಅಂಕವೂ ಹೌದಾದರೆ ಲೆಕ್ಕ ಬೇರೆ. ಮುಂದೆಯೂ 60ರ ಮಟ್ಟದಲ್ಲೇ ಬರೆಯುವನೆಂದರೆ, ಉಳಿದ ಆರರಲ್ಲಿ ಇನ್ನೆರಡನ್ನು ತಪ್ಪಿಸಿದರೂ ಎಂಟರ ಸರಾಸರಿ 60 ಉಳಿದು 25ಕ್ಕೆ 15 ಸಿಗುತ್ತದೆ. ಮೂರನೆಯದನ್ನು ತಪ್ಪಿಸಿದರೆ ಎಂಟನೆಯ ಜಾಗದಲ್ಲಿ ಸೊನ್ನೆ ಕೂರುತ್ತದೆ. ಮೊತ್ತ 420, ಸರಾಸರಿ 52.5, ಅಂಕ 13ರ ಆಸುಪಾಸು. ನಾಲ್ಕು ಸೊನ್ನೆಗಳವರೆಗೆ ಏನೂ ಆಗದೆ, ಐದನೆಯದಕ್ಕೆ ಒಮ್ಮೆಲೇ ಸುಮಾರು ಎರಡು ಅಂಕ ಹೋಗುತ್ತದೆ. ಮೊದಲ ಆರು ವಾರಗಳಲ್ಲಿ ಎರಡು ರಿಯಾಯಿತಿಯನ್ನು ಖರ್ಚು ಮಾಡಿದವನ ಬಳಿ, ಕಾಲೇಜಿನ ಪರೀಕ್ಷೆಗಳು ಒಟ್ಟಿಗೆ ಬರುವ ಕೊನೆಯ ವಾರಗಳಿಗೆ ಉಳಿದಿರುವುದು ಎರಡೇ.